ಚಂದಾ ಮುಗಿದಿದೆ ಎನ್ನುವ ಮೊದಲು

ಪುಣೆಯಲ್ಲಿ ನಾವು ಕೆಲವು ಕನ್ನಡಿಗರು ಸೇರಿ ಒಂದು ಸಣ್ಣ ಮಾಸಪತ್ರಿಕೆ ನಡೆಸುತ್ತೇವೆ. ಅದರ ಚಂದಾದಾರರ ಪಟ್ಟಿ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ವರ್ಷದ ಚಂದಾ 300 ರೂಪಾಯಿ, ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಹಾಗಾಗಿ ಪ್ರತಿ ಮಾರ್ಚ್‌ನಲ್ಲೂ ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಒಂದೇ ಸಂದೇಶ ಕಳಿಸುತ್ತಿದ್ದೆ: ‘ಆತ್ಮೀಯ ಚಂದಾದಾರರೇ, ತಮ್ಮ ಚಂದಾ ಅವಧಿ ಮುಗಿದಿದೆ. ಕೂಡಲೇ ನವೀಕರಿಸಿ, ಕನ್ನಡ ಉಳಿಸಿ ಬೆಳೆಸಿ.’

ಹೋದ ವರ್ಷ ಅದಕ್ಕೆ ಧಾರವಾಡ ಕಡೆಯ ಒಬ್ಬ ನಿವೃತ್ತ ಎಂಜಿನಿಯರ್ ಉತ್ತರ ಬರೆದರು. ‘ಪುಸ್ತಕ ಬಂದು ನಾಕು ತಿಂಗಳಾತು. ಬಂದಿದ್ದಕ್ಕ ರೊಕ್ಕ ಕೊಡಬೇಕೋ, ಬರದಿದ್ದಕ್ಕೋ?’

ಫೋನ್ ಮಾಡಿದೆ. ಅವರು ನವೆಂಬರ್‌ನಲ್ಲಿ ಚಿಂಚವಡದ ಮನೆ ಬಿಟ್ಟು ಮಗನ ಜೊತೆ ವಾಕಡ್‌ಗೆ ಹೋಗಿದ್ದರು. ನಾವು ಹಳೇ ವಿಳಾಸಕ್ಕೇ ಕಳಿಸುತ್ತಿದ್ದೆವು. ಸಾದಾ ಅಂಚೆಯಲ್ಲಿ ಹೋಗುವ ಪ್ರತಿಗೆ ಟ್ರ್ಯಾಕಿಂಗ್ ಇರುವುದಿಲ್ಲ. ಆ ನಾಲ್ಕು ಪ್ರತಿಗಳು ನಮಗೆ ವಾಪಸೂ ಬಂದಿರಲಿಲ್ಲ. ನಮ್ಮ ಪಟ್ಟಿಯಲ್ಲಿ ಅವರು ‘ನವೀಕರಿಸದ ಚಂದಾದಾರರು’, ಅವರ ಲೆಕ್ಕದಲ್ಲಿ ನಾವು ಮಾತು ತಪ್ಪಿದವರು. ಅವರ ಲೆಕ್ಕವೇ ಸರಿಯಾಗಿತ್ತು.

ಹೊರನಾಡಿನಲ್ಲಿ ಪತ್ರಿಕೆ ನಡೆಸುವವರು ಒಂದು ಸಂಗತಿ ಗಮನಿಸಬೇಕು. ಮಹಾರಾಷ್ಟ್ರದಲ್ಲಿ ಬಾಡಿಗೆ ಮನೆಯ ಕರಾರು ಸಾಮಾನ್ಯವಾಗಿ 11 ತಿಂಗಳದ್ದು, ನಮ್ಮ ಚಂದಾ 12 ತಿಂಗಳದ್ದು. ಅಂದರೆ ಬಾಡಿಗೆ ಮನೆಯ ಓದುಗರು ಚಂದಾ ಮುಗಿಯುವ ಮೊದಲೇ ವಿಳಾಸ ಬದಲಿಸುವ ಸಾಧ್ಯತೆ ಇದ್ದೇ ಇದೆ. ಚಂದಾ ಕಟ್ಟದವರಲ್ಲಿ ಮೂರು ಬಗೆ: ಪ್ರತಿ ಸಿಗದವರು, ಮರೆತವರು, ನಿಜವಾಗಿಯೂ ಬೇಡವೆಂದವರು. ಮೂವರಿಗೂ ಒಂದೇ ಸಂದೇಶ ಹೋದರೆ ಮೊದಲನೆಯವರಿಗೆ ಸಿಟ್ಟು, ಮೂರನೆಯವರಿಗೆ ಕಿರಿಕಿರಿ. ನಡುವಿನವರಿಗೆ ಮಾತ್ರ ಉಪಯೋಗ. ಆದ್ದರಿಂದ ಹಣ ಕೇಳುವ ಮೊದಲು ‘ಪ್ರತಿ ಬರುತ್ತಿದೆಯಾ?’ ಎಂದು ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಇದು ಸೌಜನ್ಯದ ಮಾತಷ್ಟೇ ಅಲ್ಲ, ನಮ್ಮ ಪಟ್ಟಿ ಸರಿಯಾಗುವುದೂ ಈ ಪ್ರಶ್ನೆಯಿಂದಲೇ.

ಈಗ ನಾನು ಕಳಿಸುವ ಸಂದೇಶ ಹೀಗಿರುತ್ತದೆ:

‘ನಮಸ್ಕಾರ ಸರ್. ಪತ್ರಿಕೆಯ ಚಂದಾ ಪಟ್ಟಿ ನೋಡಿಕೊಳ್ಳುವವನು ನಾನು. ನೀವು 2019ರಿಂದ ನಮ್ಮ ಓದುಗರು. ಜನವರಿ, ಫೆಬ್ರುವರಿ ಸಂಚಿಕೆ ಕೈಸೇರಿದವೇ? ಮನೆ ಬದಲಾಗಿದ್ದರೆ ಹೊಸ ವಿಳಾಸ, ಪಿನ್‌ಕೋಡ್ ತಿಳಿಸಿ, ತಪ್ಪಿಹೋದ ಸಂಚಿಕೆ ಕಳಿಸುತ್ತೇನೆ. ನಿಮ್ಮ ಚಂದಾ ಮಾರ್ಚ್ ಸಂಚಿಕೆಗೆ ಮುಗಿಯುತ್ತದೆ. ಮುಂದುವರಿಸುವುದಾದರೆ 300 ರೂಪಾಯಿಯನ್ನು ಇದೇ ನಂಬರಿಗೆ ಯುಪಿಐ ಮಾಡಬಹುದು. ಸಾಕು ಅನಿಸಿದ್ದರೆ ‘ಸಾಕು’ ಎಂದಷ್ಟೇ ಬರೆಯಿರಿ, ಮತ್ತೆ ಕೇಳುವುದಿಲ್ಲ.’

ಇದರಲ್ಲಿ ಹೊಗಳಿಕೆಯೂ ಇಲ್ಲ, ಗೋಗರೆಯುವುದೂ ಇಲ್ಲ. ಕಳಿಸಿದವರು ಯಾರೆಂದು ಗೊತ್ತಾಗುತ್ತದೆ, ಉತ್ತರಿಸಿದರೆ ಓದುವವರೊಬ್ಬರು ಇದ್ದಾರೆ ಎಂದೂ ಗೊತ್ತಾಗುತ್ತದೆ. ‘2019ರಿಂದ’ ಎಂಬುದು ನಮ್ಮ ರಸೀದಿ ಪುಸ್ತಕದಲ್ಲಿರುವ ಸಂಗತಿ. ನಮಗೆ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಬರೆಯಬಾರದು. ‘ನೀವು ನಮ್ಮ ಪತ್ರಿಕೆಗಾಗಿ ಕಾಯುತ್ತಿರುತ್ತೀರಿ’ ಎಂದು ಬರೆದರೆ, ಆರು ತಿಂಗಳಿಂದ ರ್‍ಯಾಪರ್ ಬಿಚ್ಚದವರು ನಗುತ್ತಾರೆ.

ಹೆಸರಿನ ವಿಷಯದಲ್ಲೂ ಎಡವಿದ್ದೇನೆ. ಎಕ್ಸೆಲ್ ಪಟ್ಟಿಯಿಂದ ಹೆಸರುಗಳನ್ನು ತಾನಾಗಿಯೇ ತುಂಬಿಸಿ ಕಳಿಸಿದಾಗ, ಅಂಚೆ ಚೀಟಿಗೆಂದು ಇನಿಷಿಯಲ್ ಸಮೇತ ಬರೆದಿಟ್ಟ ಹೆಸರುಗಳು ಹಾಗೇ ಹೋದವು. ಅದನ್ನು ಓದಿದವರಿಗೆ ಬ್ಯಾಂಕಿನ ನೋಟಿಸ್ ಬಂದಂತಾಯಿತು. ಅದಕ್ಕಿಂತ ಕೆಟ್ಟದ್ದು, ತೀರಿಕೊಂಡ ಒಬ್ಬರ ಹೆಸರಿಗೂ ಸಂದೇಶ ಹೋಗಿ, ಅವರ ಮಗಳು ಉತ್ತರಿಸಬೇಕಾಯಿತು. ಈಗ ಕಳಿಸುವ ಮೊದಲು ಆಯಾ ಬಡಾವಣೆಯ ಗೊತ್ತಿರುವ ಓದುಗರೊಬ್ಬರಿಗೆ ಪಟ್ಟಿ ತೋರಿಸುತ್ತೇನೆ. ಹೆಸರಿಗಿಂತ ‘ಸರ್’, ‘ಅಕ್ಕಾ’ ಎಂಬುದೇ ಎಷ್ಟೋ ಕಡೆ ಹಿತವಾಗಿ ಕೇಳುತ್ತದೆ.

ಬ್ರಾಡ್‌ಕಾಸ್ಟ್ ಲಿಸ್ಟ್‌ಗೆ ಇನ್ನೊಂದು ಮಿತಿಯೂ ಇದೆ. ನಮ್ಮ ನಂಬರನ್ನು ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ನಮ್ಮಿಂದ ದೂರವಾದ ಓದುಗರು ನಂಬರ್ ಉಳಿಸಿಕೊಂಡಿರುವುದೇ ಅನುಮಾನ. ಅಂದರೆ ಯಾರನ್ನು ತಲುಪಬೇಕೋ ಅವರಿಗೇ ಸಂದೇಶ ಹೋಗಿರುವುದಿಲ್ಲ. ಒಂದೇ ಟಿಕ್ ಬಹಳ ದಿನ ಹಾಗೇ ನಿಂತಿದ್ದರೆ, ‘ಓದುಗರಿಗೆ ಆಸಕ್ತಿ ಇಲ್ಲ’ ಎಂದು ಬರೆದುಕೊಳ್ಳುವ ಮೊದಲು ಅದು ತಲುಪಿಲ್ಲ ಎಂದು ತಿಳಿಯಬೇಕು.

ಎಷ್ಟು ಸಲ ಕೇಳಬೇಕು? ಮೂರು ಸಲ ಸಾಕು. ಫೆಬ್ರುವರಿ ಸಂಚಿಕೆಯ ವಿಳಾಸ ಚೀಟಿಯ ಮೇಲೆ ‘ಮಾರ್ಚ್‌ಗೆ ಮುಗಿಯುತ್ತದೆ’ ಎಂಬ ಮುದ್ರೆ. ಮಾರ್ಚ್ ಮೊದಲ ವಾರ ಮೇಲಿನ ಸಂದೇಶ. ಉತ್ತರ ಬಾರದಿದ್ದರೆ ಏಪ್ರಿಲ್ ಸಂಚಿಕೆಯನ್ನೂ ಕಳಿಸಿ, ಒಳಗೆ ಕೈಬರಹದ ಎರಡು ಸಾಲಿನ ಚೀಟಿ: ‘ಇದು ಸದ್ಯಕ್ಕೆ ಕೊನೆಯ ಪ್ರತಿ. ಯಾವಾಗ ಬೇಕಾದರೂ ಮತ್ತೆ ಸೇರಬಹುದು.’ ಅಲ್ಲಿಗೆ ನಿಲ್ಲಿಸಬೇಕು. ನಾಲ್ಕನೆಯ ಸಲ ಕೇಳಿದರೆ ಹಣ ಬಂದರೂ ಬರಬಹುದು, ಆದರೆ ಅದು ಪೀಡೆ ಕಳೆಯಲೆಂದು ಕೊಟ್ಟ ಹಣ. ಮರುವರ್ಷ ಅದು ಬರುವುದಿಲ್ಲ.

ಇನ್ನು ‘ಕನ್ನಡ ಉಳಿಸಿ’ ಎಂಬ ಸಾಲು. ಅದನ್ನು ತೆಗೆಯುವಾಗ ನಮ್ಮ ಸಮಿತಿಯಲ್ಲಿ ವಾದವೇ ಆಯಿತು. ‘ಊರು ಬಿಟ್ಟವರಿಗೆ ನಾಟುವುದು ಅದೇ ಮಾತು’ ಎಂದರು ಒಬ್ಬರು. ನಾಟುತ್ತದೆ ನಿಜ, ನನ್ನ ತಕರಾರೂ ಅದೇ. ಮಗಳಿಗೆ ಕನ್ನಡ ಓದಲು ಕಲಿಸಲಾಗಲಿಲ್ಲ ಎಂಬ ಅಳುಕು ನಮ್ಮಲ್ಲಿ ಅನೇಕರಿಗೆ ಮೊದಲೇ ಇದೆ. 300 ರೂಪಾಯಿಗಾಗಿ ಆ ಗಾಯಕ್ಕೆ ಕೈ ಹಾಕುವುದು ತಪ್ಪು. ಪತ್ರಿಕೆ ಓದುವಂತಿದ್ದರೆ ಓದುತ್ತಾರೆ. ಓದುವಂತಿಲ್ಲದಿದ್ದರೆ ಅದನ್ನು ಸರಿಪಡಿಸುವುದು ನಮ್ಮ ಕೆಲಸ, ಆ ಹೊಣೆಯನ್ನು ಓದುಗರ ಭಾಷಾಭಿಮಾನದ ಮೇಲೆ ಹೊರಿಸಬಾರದು.

ಹಿಂದೆ ಚಂದಾ ಹಣ ಮನಿಯಾರ್ಡರ್‌ನಲ್ಲಿ ಬರುತ್ತಿತ್ತು. ಫಾರಂನ ಕೆಳಗೆ ಕೂಪನ್ನಿನಲ್ಲಿ ನಾಲ್ಕು ಸಾಲು ಬರೆಯಲು ಜಾಗ ಇರುತ್ತಿತ್ತು. ಹಣದ ಜೊತೆಗೆ ಓದುಗರ ಮಾತೂ ಸಂಪಾದಕರ ಕೈಸೇರುತ್ತಿತ್ತು. ಯುಪಿಐ ಬಂದ ಮೇಲೆ ಹಣ ಚಿಟಿಕೆ ಹೊಡೆಯುವುದರೊಳಗೆ ಬರುತ್ತದೆ, ಮಾತು ನಿಂತಿದೆ. ಆ ಕೂಪನ್ನಿನ ಜಾಗವನ್ನು ಈಗ ನಾವೇ ಪ್ರಶ್ನೆ ಕೇಳಿ ತೆರೆಯಬೇಕಾಗಿದೆ.

ಎಂಜಿನಿಯರ್ ಸಾಹೇಬರ ಚಂದಾವನ್ನು ನಾಲ್ಕು ತಿಂಗಳು ಮುಂದಕ್ಕೆ ಹಾಕಿದೆವು, ಅಂದರೆ ಜುಲೈವರೆಗೆ. ಹಣ ಕೇಳಲಿಲ್ಲ. ಜುಲೈ ಮೊದಲ ವಾರ ಹೊಸ ಸಂದೇಶ ಕಳಿಸಿದೆ. ಸಂಜೆ ಉತ್ತರ ಬಂತು: ‘ನಾಕೂ ಬಂದಾವ್ರಿ. ಆದ್ರ ಕಣ್ಣು ಮಂಜಾಗ್ಯಾವ, ಅಕ್ಷರ ಹತ್ತೂದಿಲ್ಲ. ಸಾಕು ಮಾಡ್ರಿ. ಸಿಟ್ಟಿಲ್ಲ.’

ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ಸಾಕು’ ಎಂದು ಬರೆದುಕೊಂಡೆ. ಒಬ್ಬ ಚಂದಾದಾರರು ಕಡಿಮೆಯಾದರು, ಅದು ನಷ್ಟವೇ. ಆದರೆ ಆ ಕೊನೆಯ ಪದವನ್ನು ಹಳೆಯ ಸಂದೇಶಕ್ಕೆ ಯಾರೂ ಬರೆದಿರಲಿಲ್ಲ. ಮುಂದಿನ ತಿಂಗಳಿಂದ ಅಕ್ಷರದ ಗಾತ್ರ ಸ್ವಲ್ಪ ದೊಡ್ಡದು ಮಾಡೋಣ ಎಂದು ಸಮಿತಿಗೆ ಬರೆದಿದ್ದೇನೆ.