ಮೂರು ಲೆಕ್ಕವನ್ನು ಒಂದೇ ಸಾಲಿಗೆ ಇಳಿಸಬೇಡಿ

ನಮ್ಮ ಬಂಧುಗಳ ನಡುವೆ ಕಳೆದ ಕೆಲವು ತಿಂಗಳಿಂದ ಒಂದು ಕನ್ನಡ ಚೀಟಿ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಕ್ರೆಡಿಟ್ ಕಾರ್ಡಿನ ತಿಂಗಳ ಲೆಕ್ಕಪತ್ರದಲ್ಲಿ ಸಣ್ಣ ಅಕ್ಷರದಲ್ಲಿರುವ ನಿಯಮಗಳ ಸಾರವಂತೆ ಅದು. ಸಾರ ಇಷ್ಟೇ: "ಕನಿಷ್ಠ ಮೊತ್ತ ಕಟ್ಟಿದರೆ ದಂಡವಿಲ್ಲ, ಉಳಿದ ಬಾಕಿಗೆ ಮಾತ್ರ ಬಡ್ಡಿ, ಪ್ರತಿ ಖರೀದಿಗೂ ಪಾಯಿಂಟು." ಬರೆದವರು ಸದುದ್ದೇಶದಿಂದಲೇ ಬರೆದಿದ್ದಾರೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಈ ಚೀಟಿಯನ್ನು ಹರಿದುಹಾಕಬೇಕೆಂದೇ ನಾನು ಲೇಖನಿ ಹಿಡಿದಿದ್ದೇನೆ. ಇದರ ಮೊದಲನೆಯ ಮಾತು ಅರ್ಧ ನಿಜ, ಎರಡನೆಯದು ಶುದ್ಧ ತಪ್ಪು, ಮೂರನೆಯದು ಆಸೆ ಹುಟ್ಟಿಸುವ ಮಾತು.

ಇಪ್ಪತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಫೈಲುಗಳ ಮೇಲೆ ಟಿಪ್ಪಣಿ ಬರೆದು ಕೈ ಸವೆಸಿದವನು ನಾನು. ನೂರು ಪುಟದ ಫೈಲನ್ನು ಅರ್ಧ ಪುಟಕ್ಕೆ ಇಳಿಸುವಾಗ ನಮ್ಮ ಸೂಪರಿಂಟೆಂಡೆಂಟರು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಯಾವುದು ಯಾವುದರಿಂದ ಹುಟ್ಟುತ್ತದೆ, ಹೇಳಿ." ಕಾರ್ಡಿನ ಬಿಲ್ಲಿನಲ್ಲಿ ಬಡ್ಡಿ ಹುಟ್ಟುವುದು ಒಂದು ಕಾರಣದಿಂದ, ವಿಳಂಬ ಶುಲ್ಕ ಹುಟ್ಟುವುದು ಬೇರೊಂದು ಕಾರಣದಿಂದ. ಒಟ್ಟು ಬಾಕಿಯಲ್ಲಿ ಒಂದು ರೂಪಾಯಿ ಉಳಿಸಿದರೂ ಬಡ್ಡಿಯ ಬಾಗಿಲು ತೆರೆಯುತ್ತದೆ. ಕನಿಷ್ಠ ಮೊತ್ತವನ್ನೂ ಕಟ್ಟದಿದ್ದರೆ ಮಾತ್ರ ವಿಳಂಬ ಶುಲ್ಕದ ಬಾಗಿಲು ತೆರೆಯುತ್ತದೆ. ಎರಡಕ್ಕೂ 'ದಂಡ' ಎಂಬ ಒಂದೇ ಹೆಸರಿಟ್ಟದ್ದೇ ಚೀಟಿಯ ಮೊದಲ ಅಪರಾಧ.

ಇದರ ಬೆಲೆ ತೆತ್ತವರು ಡೊಂಬಿವಲಿಯಲ್ಲಿರುವ ನಮ್ಮ ಭಾವ. ಅವರ ಕಾರ್ಡಿನ ಲೆಕ್ಕ ಪ್ರತಿ ತಿಂಗಳ 12ಕ್ಕೆ ಮುಚ್ಚುತ್ತದೆ. 2025ರ ಮೇ 15ರಂದು ಠಾಣೆಯ ಅಂಗಡಿಯೊಂದರಲ್ಲಿ 40,000 ರೂಪಾಯಿಯ ಫ್ರಿಜ್ ಕೊಂಡರು. ಜೂನ್ 12ರ ಬಿಲ್ಲಿನಲ್ಲಿ ಒಟ್ಟು ಬಾಕಿ 40,000, ಕನಿಷ್ಠ ಮೊತ್ತ 2,000, ಕೊನೆಯ ದಿನ ಜುಲೈ 2. ಆ ತಿಂಗಳು ಮಗಳ ಶಾಲೆಯ ಶುಲ್ಕವೂ ಇದ್ದುದರಿಂದ ಅವರು ಜುಲೈ 2ರಂದು 39,000 ಕಟ್ಟಿ ಸಾವಿರವನ್ನು ಮುಂದಿನ ತಿಂಗಳಿಗೆ ಬಿಟ್ಟರು. ಚೀಟಿಯ ಪ್ರಕಾರ ಉಳಿದ ಬಾಕಿಗೆ ಮಾತ್ರ ಬಡ್ಡಿ. ಸಾವಿರಕ್ಕೆ ಎಷ್ಟಾದೀತು, ಮೂವತ್ತೋ ನಲವತ್ತೋ ಎಂದುಕೊಂಡರು. ಜುಲೈ 12ರ ಬಿಲ್ಲು ಬಂದಾಗ ನನಗೆ ಫೋನು ಮಾಡಿದರು. "ಏನು ಮಾರಾಯಾ ಇದು, ಸಾವಿರ ಉಳಿಸಿದ್ದಕ್ಕೆ 2,800 ಹಾಕಿದ್ದಾರೆ! ಬ್ಯಾಂಕಿನವರು ಲೆಕ್ಕ ತಪ್ಪಿದ್ದಾರೆ, ಒಂದು ಅರ್ಜಿ ಬರೆದುಕೊಡು."

ಬಿಲ್ಲು ತರಿಸಿ ನೋಡಿದೆ. ಲೆಕ್ಕ ತಪ್ಪಿರಲಿಲ್ಲ.

ಬಡ್ಡಿಯ ದರ ತಿಂಗಳಿಗೆ ಶೇಕಡಾ 3.5, ಅಂದರೆ ವರ್ಷಕ್ಕೆ 42. ಒಟ್ಟು ಬಾಕಿ ಪೂರ್ತಿ ಸಂದಾಯವಾಗದಿದ್ದರೆ ಬಡ್ಡಿರಹಿತ ಅವಧಿ ಇರಲೇ ಇಲ್ಲವೆಂದು ಭಾವಿಸಿ ಖರೀದಿಯ ದಿನಕ್ಕೆ ಹಿಂದೆ ಹೋಗುವುದು ಈ ವ್ಯವಹಾರದ ರೂಢಿ. ಆದ್ದರಿಂದ ಮೇ 15ರಿಂದ ಜುಲೈ 2ರವರೆಗೆ 48 ದಿನ, ಇಡೀ 40,000ಕ್ಕೆ ಬಡ್ಡಿ: 2,209 ರೂಪಾಯಿ. ಅಲ್ಲಿಂದ ಜುಲೈ 12ರವರೆಗೆ ಉಳಿದ ಸಾವಿರಕ್ಕೆ 10 ದಿನದ ಬಡ್ಡಿ ಹನ್ನೊಂದೂವರೆ ರೂಪಾಯಿ. ಭಾವ ಲೆಕ್ಕ ಹಾಕಿದ್ದು ಈ ಹನ್ನೊಂದೂವರೆಯ ಜಾತಿಯ ಬಡ್ಡಿಯನ್ನು ಮಾತ್ರ. ಇಷ್ಟೇ ಅಲ್ಲ; ಜೂನ್ 20ರಂದು ಅದೇ ಕಾರ್ಡಿನಲ್ಲಿ 6,000 ರೂಪಾಯಿಯ ದಿನಸಿ, ಬಟ್ಟೆ ಕೊಂಡಿದ್ದರು. ಹಿಂದಿನ ಬಾಕಿ ಉಳಿದಿದ್ದರಿಂದ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ದೊರೆಯಲಿಲ್ಲ; 22 ದಿನಕ್ಕೆ 152. ಎಲ್ಲ ಸೇರಿ 2,373. ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 427. ಬ್ಯಾಂಕಿನ ಸಾಲದ ಬಡ್ಡಿಗೆ ಸಾಮಾನ್ಯವಾಗಿ ಈ ತೆರಿಗೆಯಿಲ್ಲ, ಆದರೆ ಕಾರ್ಡಿನ ಬಡ್ಡಿಗೆ ಆ ವಿನಾಯಿತಿಯಿಲ್ಲ. ಹಾಗೆ 2,800.

ನಮ್ಮವರು ಇಲ್ಲಿ ಎಡವುವುದಕ್ಕೆ ಕಾರಣವಿದೆ. ನಮ್ಮಲ್ಲಿ ಅನೇಕರ ತಂದೆತಾಯಂದಿರು ಈ ಊರಿನಲ್ಲಿ ಸಂಸಾರ ಕಟ್ಟಿದ್ದೇ ಉದ್ದರಿ ಪುಸ್ತಕದ ಮೇಲೆ. ಮಾಟುಂಗದ ಕಿರಾಣಿ ಅಂಗಡಿಯವನಿಗೆ ತಿಂಗಳ ಕೊನೆಗೆ ನಾಲ್ಕು ನೂರರಲ್ಲಿ ಮುನ್ನೂರ ತೊಂಬತ್ತೊಂಬತ್ತು ಕೊಟ್ಟರೆ ಉಳಿಯುವ ಸಾಲ ಒಂದೇ ರೂಪಾಯಿ. ಕೊಟ್ಟು ತೀರಿಸಿದ ಹಣಕ್ಕೆ ಹಿಂದಿನ ದಿನಾಂಕದಿಂದ ಬಡ್ಡಿ ಕೇಳಿದ ಅಂಗಡಿಯವನನ್ನು ನಾವು ಕಂಡಿಲ್ಲ. ಕಾರ್ಡನ್ನೂ ಉದ್ದರಿಯೆಂದೇ ನಮ್ಮ ಮನಸ್ಸು ತಿಳಿಯುತ್ತದೆ. ಚೀಟಿ ಬರೆದವರ ಮನಸ್ಸೂ ಹಾಗೆಯೇ ತಿಳಿದಿದೆ.

ಇಲ್ಲಿ ಕೆಲವು ಹಿರಿಯರು ನನ್ನ ಮಾತಿಗೆ ಆಕ್ಷೇಪ ಎತ್ತುತ್ತಾರೆ. ನೂರಕ್ಕೆ ನಲವತ್ತೆರಡು ಬಡ್ಡಿ ತೆಗೆದುಕೊಳ್ಳಲು ಕಾನೂನು ಬಿಡುತ್ತದೆಯೇ ಎಂದು. ಅವರ ನೆನಪು ಪೂರಾ ಸುಳ್ಳಲ್ಲ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚು ಕಾರ್ಡು ಬಡ್ಡಿ ಅನ್ಯಾಯದ ವ್ಯಾಪಾರವೆಂದು ತೀರ್ಪಿತ್ತಿತ್ತು. ಆ ತೀರ್ಪನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರ್ 20ರಂದು ರದ್ದುಪಡಿಸಿತು. ಆದ್ದರಿಂದ 30ರ ಆ ಕಟ್ಟನ್ನು ನಂಬಿ ಕೂರುವಂತಿಲ್ಲ.

ಇನ್ನು ಕನಿಷ್ಠ ಮೊತ್ತದ ಮಾತು. ಬಿಲ್ಲಿನ ಮೊದಲ ಪುಟದಲ್ಲಿ ಒಟ್ಟು ಬಾಕಿಯ ಪಕ್ಕದಲ್ಲೇ ಅದು ಅಷ್ಟೇ ದಪ್ಪ ಅಕ್ಷರದಲ್ಲಿ ಕೂತಿರುತ್ತದೆ. ಭಾವ 2,000 ಮಾತ್ರ ಕಟ್ಟಿದ್ದರೆ? 40,000ಕ್ಕೆ ಒಂದು ತಿಂಗಳ ಬಡ್ಡಿ 1,400, ತೆರಿಗೆ 252. ಕಟ್ಟಿದ ಎರಡು ಸಾವಿರದಲ್ಲಿ ಅಸಲಿಗೆ ಸೇರುವುದು 348 ರೂಪಾಯಿ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ ಸಾಲ ತಿಂಗಳು ವರ್ಷಗಳವರೆಗೆ ಎಳೆಯುತ್ತದೆ, ಬಡ್ಡಿಗೆ ಬಡ್ಡಿ ಬೆಳೆಯುತ್ತದೆ ಎಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲಿ ಎದ್ದು ಕಾಣುವಂತೆ ಮುದ್ರಿಸಬೇಕೆಂದು ರಿಸರ್ವ್ ಬ್ಯಾಂಕು 2022ರ ಏಪ್ರಿಲ್ 21ರ ತನ್ನ ನಿರ್ದೇಶನದಲ್ಲಿ ಹೇಳಿತು. ಒಳ್ಳೆಯದೇ. ಆದರೆ ಭಾವ ಕನಿಷ್ಠ ಮೊತ್ತವನ್ನು ಮಾತ್ರ ಕಟ್ಟಿದವರಲ್ಲ, ನೂರಕ್ಕೆ ತೊಂಬತ್ತೇಳೂವರೆ ಕಟ್ಟಿದವರು. ಅವರಂಥವರು ಆ ಎಚ್ಚರಿಕೆಯನ್ನು ಓದಿ 'ಇದು ನನಗಲ್ಲ' ಎಂದು ಪುಟ ತಿರುವುತ್ತಾರೆ. ಅವರಿಗೆ ಬೇಕಾದ ಮಾತು, ಹಿಂದಿನ ಬಿಲ್ಲಿನ ಯಾವ ಬಾಕಿ ಉಳಿದರೂ ಬಡ್ಡಿರಹಿತ ಅವಧಿ ಹೋಗುತ್ತದೆಂಬುದು, 'ಅತಿ ಮುಖ್ಯ ನಿಯಮಗಳು' ಎಂಬ ಬೇರೆ ಕಾಗದದಲ್ಲಿ ಉದಾಹರಣೆ ಸಹಿತ ಇರುತ್ತದೆ. ಅತಿ ಮುಖ್ಯವಾದದ್ದು ಒಳಗಿನ ಕಾಗದದಲ್ಲಿ ಏಕಿರಬೇಕು ಎಂಬುದು ಬ್ಯಾಂಕುಗಳೊಡನೆ ನನ್ನ ಜಗಳ. ನಿಯಮಗಳು ಇಂಗ್ಲಿಷು, ಹಿಂದಿ, ಸ್ಥಳೀಯ ಭಾಷೆಯಲ್ಲಿದ್ದರೆ ಮೇಲು ಎಂದೂ ಅದೇ ನಿರ್ದೇಶನ ಹೇಳಿತು. ಇಲ್ಲಿಯ ಸ್ಥಳೀಯ ಭಾಷೆ ಮರಾಠಿ. ಕನ್ನಡದ ಸಾರ ನಾವೇ ಬರೆದುಕೊಳ್ಳಬೇಕು. ಬರೆಯುವುದಾದರೆ ಸರಿಯಾಗಿ ಬರೆಯಬೇಕೆಂಬುದೇ ನಮ್ಮವರೊಡನೆ ನನ್ನ ಜಗಳ.

ವಿಳಂಬ ಶುಲ್ಕದ ವಿಷಯದಲ್ಲಿ ನಿಯಮ ನಮ್ಮ ಕಡೆಗೆ ಸ್ವಲ್ಪ ವಾಲಿದೆ, ಚೀಟಿ ಅದನ್ನೂ ಹೇಳಿಲ್ಲ. ಕೊನೆಯ ದಿನ ಕಳೆದು ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ಆ ಶುಲ್ಕ ಹಾಕಬಹುದು; ಅದನ್ನೂ ಆ ದಿನದ ಬಳಿಕ ಉಳಿದಿರುವ ಬಾಕಿಯ ಮೇಲೆ ಹಾಕಬೇಕೇ ಹೊರತು ಇಡೀ ಬಿಲ್ಲಿನ ಮೇಲಲ್ಲ. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಎರಡು ದಿನ ತಡವಾಗಿ ಹಣ ಕಟ್ಟಿದಾಗ ಬ್ಯಾಂಕು ಶುಲ್ಕ ಹಾಕಿತ್ತು. ಹಣ ಜಮೆಯಾದ ದಿನಾಂಕ ತೋರಿಸಿ ಬರೆದ ಮೇಲೆ ಹಿಂದಿರುಗಿಸಿತು. ಬ್ಯಾಂಕು ಒಪ್ಪದಿದ್ದರೆ, ಅಥವಾ ಮೂವತ್ತು ದಿನ ಉತ್ತರವನ್ನೇ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಆದರೆ ಈ ಮೂರು ದಿನದ ರಿಯಾಯಿತಿ ವಿಳಂಬ ಶುಲ್ಕಕ್ಕೆ ಮಾತ್ರ. ಬಡ್ಡಿಯ ಗಡಿಯಾರ ಆ ಮೂರು ದಿನವೂ ನಡೆಯುತ್ತಲೇ ಇರುತ್ತದೆ. ನನ್ನ ಸಹೋದ್ಯೋಗಿ ಶುಲ್ಕ ವಾಪಸು ಬಂದ ಸಂತೋಷದಲ್ಲಿ ಬಡ್ಡಿಯ ಸಾಲನ್ನು ನೋಡಿಯೇ ಇರಲಿಲ್ಲ!

ಪಾಯಿಂಟುಗಳ ಬಗ್ಗೆ ಹೆಚ್ಚು ಕಾಗದ ಖರ್ಚು ಮಾಡಲಾರೆ. ಭಾವನ ಕಾರ್ಡಿನಲ್ಲಿ 150 ರೂಪಾಯಿಗೆ ಎರಡು ಪಾಯಿಂಟು. ಫ್ರಿಜ್ಜಿಗೆ ಸಿಕ್ಕಿದ್ದು 532. ಒಂದಕ್ಕೆ 25 ಪೈಸೆಯಂತೆ 133 ರೂಪಾಯಿ. ಪಾಯಿಂಟು ಬಿಡಿಸಿಕೊಳ್ಳುವ ಶುಲ್ಕ 99, ತೆರಿಗೆ ಸೇರಿ 117. ಕೈಗೆ ಬರುವುದು 16 ರೂಪಾಯಿ, ಒಂದು ವಡಾಪಾವಿನ ಹಣ. ಅವರ ಕಾರ್ಡಿನಲ್ಲಿ ಪೆಟ್ರೋಲು, ಮನೆ ಬಾಡಿಗೆ, ವಾಲೆಟ್ಟಿಗೆ ಹಾಕಿದ ಹಣ ಇವಕ್ಕೆ ಪಾಯಿಂಟೇ ಇಲ್ಲ. ಕಾರ್ಡಿನ ಬಾಕಿ ಕೆಟ್ಟರೆ ಕೂಡಿಟ್ಟದ್ದನ್ನೂ ರದ್ದು ಮಾಡಬಹುದೆಂದು ನಿಯಮಪತ್ರದಲ್ಲಿದೆ. ಇದು ಕಾರ್ಡಿನಿಂದ ಕಾರ್ಡಿಗೆ ಬೇರೆ. ಆದ್ದರಿಂದಲೇ 'ಪ್ರತಿ ಖರೀದಿಗೂ ಪಾಯಿಂಟು' ಎಂದು ಎಲ್ಲರಿಗೂ ಅನ್ವಯಿಸುವ ಸಾರ ಬರೆಯಲಾಗದು. ಯಾವುದಕ್ಕೆ ಇಲ್ಲ, ಒಂದು ಪಾಯಿಂಟಿಗೆ ಎಷ್ಟು ಪೈಸೆ, ಬಿಡಿಸಲು ಎಷ್ಟು ಶುಲ್ಕ, ಯಾವಾಗ ಸಾಯುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಮಾತ್ರ ಬರೆದು, ಉತ್ತರದ ಜಾಗವನ್ನು ಅವರವರ ಕಾರ್ಡಿಗೆ ಖಾಲಿ ಬಿಡಬೇಕು.

ಹಾಗಾದರೆ ಚೀಟಿಯಲ್ಲಿ ಏನಿರಬೇಕು? ನನ್ನ ಕರಡು ಇದು: "ಒಟ್ಟು ಬಾಕಿಯನ್ನು ಪೂರ್ತಿ ಕಟ್ಟದಿದ್ದರೆ ಖರೀದಿಯ ದಿನದಿಂದಲೇ, ಹೊಸ ಖರೀದಿಗೂ ಸೇರಿ, ಬಡ್ಡಿ. ಕನಿಷ್ಠ ಮೊತ್ತವನ್ನೂ ಕಟ್ಟದೆ ಮೂರು ದಿನ ಮೀರಿದರೆ ಬಡ್ಡಿಯ ಜೊತೆಗೆ ವಿಳಂಬ ಶುಲ್ಕ. ಎಟಿಎಮ್ಮಿನಿಂದ ತೆಗೆದ ನಗದಿಗೆ ಬಡ್ಡಿರಹಿತ ದಿನ ಒಂದೂ ಇಲ್ಲ." ಪಾಯಿಂಟು ಮೇಲೆ ಹೇಳಿದಂತೆ, ಅದೂ ಕೊನೆಯಲ್ಲಿ. ಜಾಹೀರಾತಿನಲ್ಲಿ ಅದು ಮೊದಲು ಬರುತ್ತದೆಂದು ನಮ್ಮ ಸಾರದಲ್ಲೂ ಮೊದಲು ಬರಬೇಕಾಗಿಲ್ಲ.

ಇನ್ನೊಂದು ಸಾಲನ್ನೂ ಸೇರಿಸಬೇಕು. ಭಾವ ಜುಲೈ 12ರ ಬಿಲ್ಲಿನ 9,800ನ್ನು ಆಗಸ್ಟ್ 1ರಂದು ಪೂರ್ತಿ ಕಟ್ಟಿ ಪೀಡೆ ತೊಲಗಿತೆಂದರು. ನಾನು, "ಭಾವ, ಕಾರ್ಡನ್ನು ಇನ್ನೂ ಕಪಾಟಿನಿಂದ ತೆಗೆಯಬೇಡಿ" ಎಂದೆ. ಬಿಲ್ಲು ಮುಚ್ಚಿದ ದಿನದಿಂದ ಹಣ ಕಟ್ಟಿದ ದಿನದವರೆಗಿನ 20 ದಿನದ ಬಡ್ಡಿ ಮುಂದಿನ ಬಿಲ್ಲಿಗೆ ಬರುತ್ತದೆ. ಖರೀದಿಯ 7,000ದ ಮೇಲಷ್ಟೇ ಲೆಕ್ಕ ಹಿಡಿದರೂ ತೆರಿಗೆ ಸೇರಿ ಸುಮಾರು 190. ಅದನ್ನು ಸಣ್ಣ ಮೊತ್ತವೆಂದು ಬಿಟ್ಟರೆ ಕಥೆ ಮತ್ತೆ ಮೊದಲಿನಿಂದ. ಆಗಸ್ಟ್ 12ಕ್ಕೆ ಅದು ಬಂತು, ಅಂದೇ ಕಟ್ಟಿಸಿದೆ. ಸೆಪ್ಟೆಂಬರಿನ ಬಿಲ್ಲಿನಲ್ಲಿ 'ಫೈನಾನ್ಸ್ ಚಾರ್ಜಸ್' ಎಂಬ ಸಾಲಿನ ಎದುರು ಸೊನ್ನೆ ಕಂಡ ಮೇಲೆಯೇ ಅಕ್ಕ ಕಪಾಟಿನ ಬೀಗದ ಕೈಯನ್ನು ಅವರಿಗೆ ಕೊಟ್ಟಳು.