ನಿನ್ನೆವರೆಗೂ ಸಹೋದ್ಯೋಗಿ, ಇವತ್ತು ಮ್ಯಾನೇಜರ್: ಪರಿಚಯದಲ್ಲಿ ಏನು ಬರೀಬೇಕು?

ಬಡ್ತಿ ಸಿಕ್ಕಿದ ಖುಷಿಯ ಬೆನ್ನಿಗೇ ಎಚ್.ಆರ್.ನಿಂದ ಒಂದು ಮೇಲ್ ಬರುತ್ತೆ. ‘ನಿಮ್ಮ ಫೋಟೋ ಮತ್ತು ನೂರು ಪದದೊಳಗೆ ಪರಿಚಯ ಕಳಿಸಿ’ ಅಂತ. ಫೋಟೋ ಹೇಗೋ ಸಿಗುತ್ತೆ, ಆ ನೂರು ಪದದ ಮುಂದೆ ಕೂತಾಗಲೇ ಕೈ ಓಡೋದಿಲ್ಲ. ಹತ್ತು ವರ್ಷ ತಂಡ ನಡೆಸಿದವರಿಗೆ ಬರೆಯೋಕೆ ಬೇಕಾದಷ್ಟಿರುತ್ತೆ. ಮೊನ್ನೆಯಷ್ಟೇ ಮ್ಯಾನೇಜರ್ ಆದವರು ಏನು ಬರೀಬೇಕು?

ಎಚ್.ಆರ್. ವಿಭಾಗದಲ್ಲಿ ವರ್ಷಗಟ್ಟಲೆ ಇಂಥ ಪರಿಚಯಗಳನ್ನು ಓದಿದವಳು ನಾನು. ಹೊಸಬರು ಬರೆದದ್ದು ಸಾಮಾನ್ಯವಾಗಿ ಎರಡೇ ಥರ. ಒಂದು, ‘ಡೈನಾಮಿಕ್ ಲೀಡರ್, ರಿಸಲ್ಟ್ ಓರಿಯೆಂಟೆಡ್’ ಅನ್ನೋ ಡೋಲು. ಇನ್ನೊಂದು, ‘ಅವಕಾಶ ಕೊಟ್ಟದ್ದಕ್ಕೆ ಋಣಿ, ಇನ್ನೂ ಕಲಿಯುತ್ತಿದ್ದೇನೆ’ ಅನ್ನೋ ಸಂಕೋಚ. ನಮ್ಮ ಹೆಣ್ಣುಮಕ್ಕಳು ಎರಡನೆಯದಕ್ಕೇ ಹೆಚ್ಚು ಜಾರೋದು, ಅದು ನನಗೆ ಸಿಟ್ಟು ಬರಿಸುವ ವಿಷಯ. ಡೋಲು ಬಾರಿಸಿದರೆ ನಿನ್ನೆವರೆಗೂ ಪಕ್ಕದ ಸೀಟಲ್ಲಿದ್ದವರು ಒಳಗೊಳಗೇ ನಗ್ತಾರೆ. ಸಂಕೋಚ ತೋರಿಸಿದರೆ ಬೇರೆ ವಿಭಾಗದವರು ಇವಳನ್ನು ಬಿಟ್ಟು ಇವಳ ಮೇಲಿನವರಿಗೇ ಫೋನ್ ಮಾಡೋಕೆ ಶುರು ಮಾಡ್ತಾರೆ.

ನನ್ನ ತಂಗಿ ಮಗಳು ಆರೋಗ್ಯ ವಿಮೆಯ ಕ್ಲೇಮ್ ವಿಭಾಗದಲ್ಲಿ 6 ವರ್ಷ ಕೆಲಸ ಮಾಡಿ, ಈಗ 9 ಜನರ ತಂಡಕ್ಕೆ ಮ್ಯಾನೇಜರ್ ಆಗಿದ್ದಾಳೆ. “ದೊಡ್ಡಮ್ಮ, ಲೀಡರ್‌ಶಿಪ್ ಅಂತ ಬರೆಯೋಕೆ ನನ್ನ ಹತ್ರ ಏನೂ ಇಲ್ಲ” ಅಂದಳು. “ಹುದ್ದೆ ಬಿಡು. ಹುದ್ದೆ ಇಲ್ಲದಾಗ ಬೇರೆಯವರ ಕೆಲಸ ಏನೇನು ನಿನ್ನ ತಲೆ ಮೇಲಿತ್ತು, ಅದನ್ನ ಹೇಳು” ಅಂದೆ. ಆಗ ಒಂದೊಂದಾಗಿ ಹೊರಗೆ ಬಂತು. ಹೊಸದಾಗಿ ಸೇರಿದ 4 ಜನಕ್ಕೆ ಕೆಲಸ ಕಲಿಸಿದ್ದಳು. ಹಿಂದಿನ ಮ್ಯಾನೇಜರ್ ರಜೆಯಲ್ಲಿದ್ದ 10 ವಾರ ದಿನಾ ಬೆಳಗ್ಗೆ ಫೈಲು ಹಂಚಿದ್ದಳು, ಆಸ್ಪತ್ರೆಗಳಿಂದ ಬರುವ ದೂರುಗಳಿಗೆ ಉತ್ತರ ಕೊಟ್ಟಿದ್ದಳು. ಡಿಸ್ಚಾರ್ಜ್ ಸಮ್ಮರಿ, ಬಿಲ್ಲು, ಲ್ಯಾಬ್ ವರದಿ ಎಲ್ಲಾ ಇದೆಯಾ ಅಂತ ಮೊದಲೇ ನೋಡಿಕೊಳ್ಳೋಕೆ ಒಂದು ಪುಟದ ಪಟ್ಟಿ ಮಾಡಿದ್ದಳು. ಅದನ್ನೀಗ ಪಕ್ಕದ ತಂಡಗಳೂ ಬಳಸುತ್ತವೆ.

ಇಷ್ಟು ಸಿಕ್ಕಮೇಲೆ ಕ್ರಿಯಾಪದಗಳ ತಕರಾರು ಶುರುವಾಯ್ತು. ‘10 ವಾರ ತಂಡವನ್ನು ಮುನ್ನಡೆಸಿದರು’ ಅಂತ ಬರೆದಿದ್ದಳು. “ಆ 10 ವಾರ ರಜೆ ಮಂಜೂರು ಮಾಡ್ತಿದ್ದದ್ದು ಯಾರು? ಅಪ್ರೈಸಲ್ ಬರೆದದ್ದು ಯಾರು?” ಅಂದೆ. ಎರಡೂ ಮೇಲಿನವರೇ. ಹಾಗಾದರೆ ‘ಮುನ್ನಡೆಸಿದರು’ ಬೇಡ, ‘ಕೆಲಸ ಹಂಚಿ, ದೂರುಗಳನ್ನು ನಿಭಾಯಿಸಿದರು’ ಸಾಕು. ಓದಿದವರಿಗೆ ಅದೇ ಹೆಚ್ಚು ತಿಳಿಸುತ್ತೆ ಕೂಡ.

“ಪಟ್ಟಿಯಿಂದ ವಾಪಸ್ ಹೋಗೋ ಫೈಲು 40 ಪರ್ಸೆಂಟ್ ಕಡಿಮೆ ಆಯ್ತು ಅಂತ ಹಾಕ್ಲಾ?” ಅಂತ ಕೇಳಿದಳು. “ಲೆಕ್ಕ ಇಟ್ಟಿದ್ಯಾ?” ಇಲ್ಲ. ಲೆಕ್ಕ ಇಲ್ಲದ ಪರ್ಸೆಂಟ್ ಬೇಡ. ಯಾರೋ ಮೀಟಿಂಗಲ್ಲಿ ‘ಹೇಗೆ ಅಳೆದ್ರಿ?’ ಅಂದರೆ ಬಾಕಿ ಸಾಲುಗಳ ಮೇಲೂ ಅನುಮಾನ ಬರುತ್ತೆ. ಬೇರೆ ತಂಡದವರು ತಾವಾಗಿಯೇ ಬಳಸುತ್ತಿದ್ದಾರೆ ಅನ್ನೋದಕ್ಕೆ ಯಾರೂ ತಕರಾರು ಮಾಡೋಕಾಗಲ್ಲ.

ಕೊನೆಗೆ ಇಂಗ್ಲಿಷಿನಲ್ಲಿ ಹೋದ ಪರಿಚಯದ ಸಾರ ಇಷ್ಟು:

“ಆರೋಗ್ಯ ವಿಮೆ ಕ್ಲೇಮ್‌ಗಳನ್ನು ಪರಿಶೀಲಿಸುವ 9 ಜನರ ತಂಡದ ಮ್ಯಾನೇಜರ್. ಈ ವಿಭಾಗದಲ್ಲೇ 6 ವರ್ಷದ ಅನುಭವ. ಹೊಸದಾಗಿ ಸೇರಿದ ನಾಲ್ವರಿಗೆ ತರಬೇತಿ ನೀಡಿದ್ದಾರೆ. ಮ್ಯಾನೇಜರ್ ರಜೆಯಲ್ಲಿದ್ದ 10 ವಾರ ದಿನದ ಕೆಲಸ ಹಂಚಿ, ಆಸ್ಪತ್ರೆಗಳ ದೂರುಗಳನ್ನು ನಿಭಾಯಿಸಿದ್ದಾರೆ. ಇವರು ರೂಪಿಸಿದ ದಾಖಲೆಗಳ ಪಟ್ಟಿಯನ್ನು ಈಗ ಇತರ ತಂಡಗಳೂ ಬಳಸುತ್ತಿವೆ. ದಾಖಲೆ ಕೊರತೆಯಿಂದ ನಿಂತ ಕ್ಲೇಮ್‌ಗಳನ್ನು ಬೇಗ ಇತ್ಯರ್ಥ ಮಾಡುವುದು ಈ ವರ್ಷ ತಂಡದ ಮುಖ್ಯ ಕೆಲಸ. ಅಂಥ ಕ್ಲೇಮ್ ಇದ್ದರೆ ನೇರವಾಗಿ ಇವರನ್ನು ಸಂಪರ್ಕಿಸಬಹುದು.”

ಮೊದಲ ಸಾಲಲ್ಲಿ ಈಗಿನ ಹುದ್ದೆ ಇದೆ, ‘ಇತ್ತೀಚೆಗೆ ಬಡ್ತಿ ಪಡೆದ’ ಅನ್ನೋದಿಲ್ಲ. ಅದನ್ನು ಮುಚ್ಚಿಟ್ಟಂತಲ್ಲ, ಆಫೀಸಿಗೆಲ್ಲ ಗೊತ್ತಿರೋ ವಿಷಯಕ್ಕೆ ಜಾಗ ಯಾಕೆ? ನನಗೆ ಮುಖ್ಯ ಅನಿಸೋದು ಕೊನೆಯ ಎರಡು ಸಾಲು. ಮುಂದೆ ಏನು ಮಾಡಬೇಕು ಅಂತ ಗೊತ್ತಿದೆ, ತೊಂದರೆ ಬಂದರೆ ನಾನೇ ನೋಡ್ಕೋತೀನಿ ಅನ್ನೋದು ಅಲ್ಲಿದೆ. ‘ನಾಯಕಿ’ ಅನ್ನೋ ಪದ ಇಡೀ ಪರಿಚಯದಲ್ಲಿ ಎಲ್ಲೂ ಇಲ್ಲ, ನೋಡಿ.

ಲಿಂಕ್ಡ್‌ಇನ್‌ಗಾದರೆ ಇದನ್ನೇ ‘ನಾನು’ ಅಂತ ಬದಲಿಸಿ ಹಾಕಬಹುದು. ಆದರೆ ಅಲ್ಲಿ ಹೊರಗಿನವರೂ ಓದ್ತಾರೆ, ಕಂಪನಿಯ ಒಳಗಿನ ಗುರಿ, ಆಸ್ಪತ್ರೆಗಳ ಹೆಸರು ಬೇಡ. ಮೊದಲ ಕೆಲವು ಸಾಲು ಮಾತ್ರ ಕಾಣೋದರಿಂದ ಹುದ್ದೆ ಮತ್ತು ತರಬೇತಿಯ ಮಾತು ಮೇಲೇ ಇರಲಿ.

ಕಳಿಸೋ ಮುಂಚೆ ಹಿಂದಿನ ಮ್ಯಾನೇಜರಿಗೆ ಒಮ್ಮೆ ತೋರಿಸು ಅಂದಿದ್ದೆ. ಅವರು ಒಂದೇ ತಿದ್ದುಪಡಿ ಮಾಡಿದರಂತೆ: ತರಬೇತಿ ಕೊಟ್ಟದ್ದು ನಾಲ್ವರಿಗಲ್ಲ, ಐವರಿಗೆ!