"ನಮ್ಮಪ್ಪ" ಅಂದ್ರ "ಡಿಯರ್" ಅಲ್ರೀ

ಬಹಳ ದಿನ ಆಯ್ತು ಇಲ್ಲಿ ಏನೂ ಕುಟ್ಟಿ. ಇವತ್ತು ಸಿಟ್ಟು ಬಂದಿದೆ, ಅದಕ್ಕೆ ಕೂತಿದ್ದೇನೆ. ಸಿಟ್ಟು ನನ್ನ ತಮ್ಮನ ಮೇಲೆ (ಅವನು ಇದನ್ನು ಓದುತ್ತಾನೆ, ಓದಲಿ). ಅವನಿಗಿಂತ ಹೆಚ್ಚಾಗಿ, ಅವನು ಮಾಡಿದ್ದನ್ನೇ ದಿನಾ ಮಾಡುವ ನಮ್ಮಂಥ ಅನುವಾದದ ಚಟದವರ ಮೇಲೆ.

ವಿಷಯ ಇಷ್ಟು. ತಮ್ಮ ಇರುವುದು ಅಮೆರಿಕದಲ್ಲಿ. ಅವನ ಮಗನಿಗೆ ಒಂಬತ್ತು ವರ್ಷ. ಕನ್ನಡ ಅರ್ಧಂಬರ್ಧ ತಿಳಿಯುತ್ತದೆ, ಓದಲಿಕ್ಕೆ ಬರೋದಿಲ್ಲ. ಇಲ್ಲಿ ದೋಣಿಮಲೈನಲ್ಲಿ ನನ್ನ ಜೊತೆ ಇರುವ ಅವ್ವ ದಿನಾ ರಾತ್ರಿ ಊಟ ಆದಮೇಲೆ ಅವನಿಗೆ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಾಳೆ. ಮೊನ್ನೆ ಕಳಿಸಿದ್ದು ಹೀಗಿತ್ತು: "ಯಪ್ಪಾ, ಉಂಡೇನೋ? ಈ ಸಲ ರಜಾಕ್ಕರ ಬಾರೋ ನಮ್ಮಪ್ಪ." ತಮ್ಮ ಅದನ್ನು ಮಗನಿಗೆ ಇಂಗ್ಲಿಷಿನಲ್ಲಿ ಹೇಳಿದ, "ಹ್ಯಾವ್ ಯು ಈಟನ್, ಡಿಯರ್? ಕಮ್ ದಿಸ್ ವೆಕೇಶನ್, ಡಿಯರ್." ಹುಡುಗ ಸುಮ್ಮನೆ ಬಿಡಲಿಲ್ಲ. ಅಪ್ಪ ಅಂದ್ರೆ ಏನು ಅಂತ ಅವನಿಗೆ ಗೊತ್ತಲ್ಲ, ಮನೇಲಿ ದಿನಾ ಕೂಗೋ ಪದ. "ಅಜ್ಜಿ ಯಾಕೆ ನನ್ನನ್ನ ಅವಳ ಅಪ್ಪ ಅಂತಾಳೆ?" ಅಂದನಂತೆ. ತಮ್ಮನ ಉತ್ತರ: "ಅದಕ್ಕೆ ಅರ್ಥ ಏನೂ ಇಲ್ಲ, ಸುಮ್ನೆ ಡಿಯರ್ ಅಂತ."

ಅರ್ಥ ಇಲ್ಲವಂತೆ!

ನಮ್ಮಪ್ಪ ತೀರಿಕೊಂಡದ್ದು 2011ರಲ್ಲಿ. ಅವರ ಹೆಸರು ಸಂಡೂರಿನ ಬೆಟ್ಟದ ಮೇಲಿನ ದೇವರ ಹೆಸರೇ. ನಮ್ಮವ್ವ ಒಂದು ದಿನಕ್ಕೂ ಆ ಹೆಸರು ಬಾಯಿಬಿಟ್ಟು ಹೇಳಿದವಳಲ್ಲ. ಗಂಡನ ಹೆಸರು ಹೇಳಬಾರದು ಅನ್ನೋ ಕಾಲದವಳು. ಗಂಡನ ಹೆಸರಷ್ಟೇ ಅಲ್ಲ, ಆ ದೇವರ ಹೆಸರೂ ಹೇಳುವುದಿಲ್ಲ, "ಬೆಟ್ಟದ ಸ್ವಾಮಿ" ಅಂತಾಳೆ. ಮೊಮ್ಮಗ ಹುಟ್ಟಿದಾಗ ಪದ್ಧತಿಯಂತೆ ಅಜ್ಜನ ಹೆಸರೇ ಇಟ್ಟರು. ಆಯ್ತಲ್ಲ, ಈಗ ಅವ್ವ ಆ ಕೂಸನ್ನು ಏನಂತ ಕರೀಬೇಕು? ಹೆಸರು ಬಾಯಲ್ಲಿ ಬರುವ ಹಾಗಿಲ್ಲ. ಬಂದರೂ ಆ ಹೆಸರು ಹಿಡಿದು ಬೈಯೋ ಹಾಗಿಲ್ಲ, ಮಕ್ಕಳನ್ನು ಬೈಯದೆ ಬೆಳೆಸೋಕಾಗುತ್ತಾ? ಅದಕ್ಕೇ "ಯಪ್ಪಾ", "ನಮ್ಮಪ್ಪ". ಇದು ನಮ್ಮ ಮನೆಯೊಂದರ ಕಥೆ ಅಲ್ಲ. ನಿಮ್ಮ ಊರಿನಲ್ಲೂ ಅಪ್ಪಿ, ಅಪ್ಪಯ್ಯ, ಹಿರಿಯ, ದೊಡ್ಡಪ್ಪ ಅಂತ ಕರೆಸಿಕೊಳ್ಳುವ ಗಂಡುಮಕ್ಕಳು, ಅವ್ವಿ, ಅಮ್ಮಣ್ಣಿ ಅಂತ ಕರೆಸಿಕೊಳ್ಳುವ ಹೆಣ್ಣುಮಕ್ಕಳು ಇದ್ದರೆ ವಿಚಾರಿಸಿ ನೋಡಿ. ಎಷ್ಟೋ ಮನೆಗಳಲ್ಲಿ ಅದರ ಹಿಂದೆ ಯಾರೂ ಹೇಳದ ಒಂದು ಹೆಸರು ಇರುತ್ತದೆ. ಮುದ್ದಿನ ಹೆಸರು ಮುದ್ದಿಗಾಗಿಯೇ ಹುಟ್ಟಿದ್ದು ಅಂದುಕೊಳ್ಳುವುದೇ ಮೊದಲ ತಪ್ಪು.

ಎರಡನೇ ತಪ್ಪು, ಪದವನ್ನು ಮಾತ್ರ ಹಿಡಿದುಕೊಂಡು ಕ್ರಿಯಾಪದದ ಬಾಲ ನೋಡದೆ ಬಿಡುವುದು. "ಬಾರೋ ನಮ್ಮಪ್ಪ" ಅನ್ನೋದನ್ನ ಬಿಡಿಸಿ ನೋಡಿ. ನಿಜವಾದ ಅಪ್ಪನಿಗೆ ನಮ್ಮ ಕಡೆ "ಬಾ" ಅಂದಾರು, "ಬರ್ರಿ" ಅಂದಾರು, "ಬಾರೋ" ಅಂತ ಯಾರೂ ಅನ್ನುವುದಿಲ್ಲ. ಅಂದರೆ ಏಟು ಬೀಳುತ್ತದೆ. ಆ "ರೋ" ಚಿಕ್ಕವನಿಗೆ, ಓರಗೆಯವನಿಗೆ. ಪಕ್ಕದಲ್ಲೇ ಇರುವ "ಅಪ್ಪ" ಹಿರಿಯನಿಗೆ. ಒಂದೇ ಉಸಿರಿನಲ್ಲಿ ಹಿರಿಯನನ್ನೂ ಮಾಡಿ ಕಿರಿಯನನ್ನೂ ಮಾಡುವುದು, ಆ ತಿಕ್ಕಾಟದಲ್ಲೇ ಮುದ್ದು ಇರುವುದು. ಹೆಣ್ಣುಮಗುವಿಗೆ "ಅಳಬ್ಯಾಡೇ ನಮ್ಮವ್ವ" ಅನ್ನುವುದೂ ಇದೇ ಕಥೆ. ಈಗ "ಅಪ್ಪ" ಉಳಿಸಿಕೊಂಡು "ರೋ" ಬಿಟ್ಟರೆ ಏನಾಗುತ್ತದೆ? "ಕಮ್, ಫಾದರ್." ಚರ್ಚಿನ ಪಾದ್ರಿಯನ್ನು ಕರೆದ ಹಾಗೆ :) ಎರಡನ್ನೂ ಬಿಟ್ಟರೆ ತಮ್ಮನ "ಡಿಯರ್".

ನಮ್ಮ ಕಾಲೋನಿಯಲ್ಲಿ ಇದ್ದವರಿಗೆ ಇದು ಬೇಗ ಅರ್ಥವಾಗಬೇಕಿತ್ತು. 1977ರಲ್ಲಿ ಗಣಿ ಶುರುವಾದ ಮೇಲೆ ಎಲ್ಲೆಲ್ಲಿಂದಲೋ ಜನ ಬಂದರು (ಊರಿನ ಹೆಸರನ್ನೇ ನೋಡಿ, ಕನ್ನಡದ ಮಲೆ ಅಲ್ಲ, ಮಲೈ). ಬಲಗಡೆ ಕ್ವಾರ್ಟರ್ಸಿನ ತೆಲುಗು ಅತ್ತೆ ಮಗನನ್ನು "ನಾನ್ನಾ" ಅಂತ ಕರೆಯುತ್ತಿದ್ದರು. ನಾನ್ನ ಅಂದರೂ ಅಪ್ಪನೇ. ಎಡಗಡೆಯ ತಮಿಳು ಮಾಮಿ ಮಗನಿಗೆ "ವಾಪ್ಪಾ", ಮಗಳಿಗೆ "ವಾಮ್ಮಾ". ನಮ್ಮವ್ವನ ಮಾತನ್ನು ಆ ಎರಡು ಮನೆಗೆ ಅನುವಾದ ಮಾಡಬೇಕಾದ್ದೇ ಇರಲಿಲ್ಲ, ಹಾಗೇ ದಾಟಿಹೋಗುತ್ತಿತ್ತು. ತೊಡಕು ಬರುತ್ತಿದ್ದದ್ದು ಹಿಂದಿಗೆ. ಹಿಂದಿಯಲ್ಲಿ ಮಗನಿಗೂ "ಬೇಟಾ", ಮಗಳಿಗೂ "ಬೇಟಾ". ಅದೂ ಪ್ರೀತಿಯ ಪದವೇ, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಮಗು ಮಗುವೇ ಆಗಿ ಉಳಿಯುತ್ತದೆ, ಮೇಲಕ್ಕೇರುವುದಿಲ್ಲ. ಶಬ್ದಕ್ಕೆ ಶಬ್ದ ಇಟ್ಟು "ಮೇರೇ ಬಾಪ್" ಅಂದರೋ, ಅದು ಸಾಕಾಗಿ ಕೈಮುಗಿಯುವ ಮಾತು, "ಸಾಕಪ್ಪಾ ನಿನ್ನ ಸಹವಾಸ" ಅನ್ನೋ ಹಾಗೆ. ಅಂದರೆ ಶಬ್ದ ಸರಿ ಇದ್ದೂ ಮಾತು ತಿರುಗಿ ನಿಲ್ಲುತ್ತದೆ. ಇನ್ನು ಅರಬ್ಬಿಯಲ್ಲಿ ಅಪ್ಪಂದಿರು ಮಕ್ಕಳನ್ನು "ಬಾಬಾ" ಅಂತ ಕರೆಯುತ್ತಾರೆ, ತಾಯಂದಿರು "ಮಾಮಾ" ಅಂತ. ಅಷ್ಟು ದೂರದ ಭಾಷೆಗೆ ಸಲೀಸಾಗಿ ಹೋಗುವ ಮಾತು ಇಂಗ್ಲಿಷಿಗೆ ಹೋಗುವುದಿಲ್ಲ.

"ಹಾಗಾದ್ರೆ ಕನ್ನಡ ಪದವನ್ನೇ ಇಟ್ಟುಬಿಡಿ" ಅಂತ ಒಬ್ಬ ಗೆಳೆಯರು ವಾದಿಸಿದರು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗಿನಿಂದ ಈ ವಾದ ಜೋರಾಗಿದೆ. ದೀಪಾ ಭಸ್ತಿ ಅವರು ಆ ಅನುವಾದದಲ್ಲಿ ಇಂಥ ಪದಗಳನ್ನು ಓರೆ ಅಕ್ಷರ, ಅಡಿಟಿಪ್ಪಣಿ ಇಲ್ಲದೆ ಹಾಗೇ ಬಿಟ್ಟಿದ್ದಾರೆ. ಅದಕ್ಕೂ ಮೊದಲು ವಿವೇಕ ಶಾನಭಾಗರ ಘಾಚರ್ ಘೋಚರ್ ಇಂಗ್ಲಿಷಿಗೆ ಹೋದಾಗ ಶ್ರೀನಾಥ್ ಪೆರೂರ್ "ಚಿಕ್ಕಪ್ಪ"ನನ್ನು ಚಿಕ್ಕಪ್ಪನಾಗಿಯೇ ಉಳಿಸಿದರು. ಎರಡೂ ಸರಿಯೇ, ನನಗೆ ಒಪ್ಪಿಗೆ. ಆದರೆ ಅದು ನಡೆಯುವುದು ಪದ ತನ್ನ ಜಾಗದಲ್ಲೇ ನಿಂತಿರುವಾಗ. ಚಿಕ್ಕಪ್ಪನನ್ನು ಚಿಕ್ಕಪ್ಪ ಅಂದಾಗ ಓದುಗ ನಾಲ್ಕು ಪುಟದಲ್ಲಿ ಕಲಿತುಬಿಡುತ್ತಾನೆ. ಮಗುವನ್ನು "ಅಪ್ಪ" ಅಂದಾಗ ಕಲಿತದ್ದೇ ಅವನನ್ನು ದಾರಿ ತಪ್ಪಿಸುತ್ತದೆ. ನಮ್ಮ ಹುಡುಗನಿಗೆ ಆದದ್ದು ಅದೇ.

ಪದ ಹಾಗೇ ಬಿಡುವುದರಲ್ಲಿ ಇನ್ನೊಂದು ಅಪಾಯ ಇದೆ, ಇದು ನಮ್ಮ ಸೀಮೆಯವರು ಮರೆಯಬಾರದ್ದು. ನಮ್ಮಲ್ಲಿ ಹೆಸರಿಗೆ "ಯಾ" ಹಚ್ಚುತ್ತೇವಲ್ಲ, ಬಸ್ಯಾ, ಹನುಮ್ಯಾ, ಮಲ್ಲ್ಯಾ ಅಂತ. ಅವ್ವ ಕರೆದರೆ ಅದು ಮುದ್ದು. ಗೆಳೆಯ ಕರೆದರೆ ಸಲಿಗೆ. ಅದನ್ನೇ ಗೌಡ ತನ್ನ ಹೊಲದಲ್ಲಿ ದುಡಿಯುವ, ಅಪ್ಪನ ವಯಸ್ಸಿನ ಆಳಿಗೆ ಅಂದರೆ? ಆ "ಯಾ" ಜಾತಿಯ ಅಳತೆಗೋಲು. ತಲೆತಲಾಂತರದಿಂದ ಬಸಪ್ಪ ಅಂತ ಕರೆಸಿಕೊಳ್ಳದೆ ಬಸ್ಯಾ ಆಗಿಯೇ ಸತ್ತವರು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನ. ಇಂಗ್ಲಿಷಿನಲ್ಲಿ ಎರಡು ಕಡೆಯೂ "ಬಸ್ಯಾ" ಅಂತಲೇ ಬಿಟ್ಟರೆ ತಾಯಿಯೂ ಗೌಡನೂ ಒಂದಾಗಿಬಿಡುತ್ತಾರೆ. ಎರಡು ಕಡೆಯೂ "ಡಿಯರ್ ಬಸು" ಮಾಡಿದರಂತೂ ದೇವರೇ ಗತಿ. ಇಲ್ಲಿ ನಾನು ನೋಡುವುದು ಕರೆದವರ ಮಾತನ್ನಲ್ಲ, ಕರೆಸಿಕೊಂಡವರ ಉತ್ತರವನ್ನು. "ಏನಬೇ" ಅಂತ ಒಳಗಿಂದಲೇ ಕೂಗಿದರೆ ಅದು ಮನೆ. "ಬಂದೆ ಧಣೀ" ಅಂತ ಟವೆಲು ಕಂಕುಳಿಗೆ ಸೇರಿದರೆ ಅದು ಗೌಡನ ಅಂಗಳ. ಆ ಉತ್ತರವನ್ನು ಅನುವಾದದಲ್ಲಿ ಗಟ್ಟಿಯಾಗಿ ಉಳಿಸಿದರೆ ಕರೆದ ಹೆಸರಿನ ಬಣ್ಣ ತಾನಾಗಿ ತಿಳಿಯುತ್ತದೆ. ಉತ್ತರ ಇಲ್ಲದ ಕಡೆ ಕಷ್ಟವೇ, ಅಲ್ಲಿ ಗೌಡನ ವಾಕ್ಯವನ್ನು ಒರಟು ಮಾಡಬೇಕು, ಬೇರೆ ದಾರಿ ನನಗೆ ಹೊಳೆದಿಲ್ಲ.

ಇಷ್ಟೆಲ್ಲಾ ಬೈದಮೇಲೆ ತಮ್ಮ ಕೇಳಿದ, "ಹಂಗಾರ ನೀನ ಮಾಡಿ ತೋರಿಸು." ಕೂತೆ. ಒಂದು ಭಾನುವಾರ ಪೂರ್ತಿ ಹೋಯಿತು.

ಮೊದಲು ಅವ್ವನ ಒಂದೂವರೆ ನಿಮಿಷದ ಮಾತಿನಲ್ಲಿ ಕರೆ ಎಷ್ಟು ಸಲ ಬಂದಿದೆ ಅಂತ ಎಣಿಸಿದೆ. ಯಪ್ಪಾ, ನಮ್ಮಪ್ಪ ಎಲ್ಲ ಸೇರಿ ಏಳು ಸಲ. ಕನ್ನಡದಲ್ಲಿ ಅದು ಉಸಿರಿನ ಹಾಗೆ, ಕಿವಿಗೆ ಬೀಳುವುದೇ ಇಲ್ಲ. ಇಂಗ್ಲಿಷಿನಲ್ಲಿ ಏಳು ಸಲ ಕರೆದರೆ ಅವ್ವ ಗೋಗರೆಯುತ್ತಿದ್ದಾಳೆ ಅನಿಸುತ್ತದೆ. ಎರಡು ಉಳಿಸಿದೆ, ಶುರುವಿನಲ್ಲೊಂದು, "ಬಾರೋ" ಇರುವಲ್ಲಿ ಒಂದು. ಆಮೇಲೆ "ನಮ್ಮಪ್ಪ"ನನ್ನು ಒಡೆಯಲಿಲ್ಲ. "ಮೈ ಅಪ್ಪ" ಮಾಡಿದರೆ ಮತ್ತೆ ಹುಡುಗನ ಅಪ್ಪನಿಗೇ ಹೋಗಿ ತಾಗುತ್ತದೆ. ಇಡೀ ಪದವನ್ನೇ ಅವನ ಹೆಸರಿನಂತೆ ಬಿಟ್ಟೆ. ಅವ್ವನ ಬಾಯಲ್ಲಿ ಅದು ನಿಜಕ್ಕೂ ಅವನ ಹೆಸರೇ ತಾನೆ. "ರೋ" ಮಾತ್ರ ಬಹಳ ಕಾಡಿತು. ಇಂಗ್ಲಿಷ್ ಕ್ರಿಯಾಪದಕ್ಕೆ ಬಾಲ ಇಲ್ಲ. "ಲಿಟಲ್" ಹಾಕಿ ನೋಡಿದೆ, ತೊಟ್ಟಿಲ ಕೂಸಿಗೆ ಹೇಳಿದಂತಾಯ್ತು, ಒಂಬತ್ತು ವರ್ಷದವನು ಮುಖ ಸಿಂಡರಿಸುತ್ತಾನೆ. ಕೊನೆಗೆ ಅವರೇ ಮಕ್ಕಳನ್ನು ಎಳೆದು ಅಪ್ಪಿಕೊಳ್ಳುವಾಗ ಅನ್ನುವ "ಕಮ್ ಹಿಯರ್, ಯು" ನೆನಪಾಯ್ತು. ಆ ಕೊನೆಯ "ಯು" ಇದೆಯಲ್ಲ, ಅದೇ ನಮ್ಮ "ರೋ"! ಬರೀ ಗದರಿಕೆ, ಬರೀ ಸಲಿಗೆ. "ಕಮ್ ಹಿಯರ್, ಯು. ಕಮ್, ನಮ್ಮಪ್ಪ."

ಸರಿಯಾಯ್ತಾ ಅಂತ ನೋಡಲು ನಾನು ಮಾಡುವುದು ಒಂದೇ. ವಾಪಸ್ ಕನ್ನಡಕ್ಕೆ ತಂದು ಅದೇ ಮನುಷ್ಯರ ಬಾಯಲ್ಲಿ ಇಟ್ಟು ನೋಡುವುದು. ತಮ್ಮನ "ಡಿಯರ್" ವಾಪಸ್ ಬಂದರೆ "ಪ್ರಿಯನೇ, ಉಂಡೆಯಾ?" ಆಗುತ್ತದೆ. ನಮ್ಮವ್ವ ಮೊಮ್ಮಗನಿಗೆ "ಪ್ರಿಯನೇ" ಅನ್ನುವುದನ್ನು ನೆನೆಸಿಕೊಳ್ಳಿ! ಇಂಗ್ಲಿಷ್ ಸಿನಿಮಾದ "ಹನಿ", "ಡಾರ್ಲಿಂಗ್"ಗಳಿಗೆಲ್ಲ ನಾವು ಕನ್ನಡದಲ್ಲಿ "ಪ್ರಿಯೇ" ಅಂತ ಬರೆಯುವಾಗಲೂ ಇದನ್ನೇ ಮಾಡಿ. ಯಾವ ಹೆಂಡತಿ ಅಡುಗೆಮನೆಯಲ್ಲಿ ಅದಕ್ಕೆ ಓಗೊಡುತ್ತಾಳೆ? ನಮ್ಮ ಕಡೆಯ ಗಂಡ "ಏ, ಇಲ್ಲಿ ಕೇಳಿಲ್ಲಿ" ಅಂತಾನೆ, ಮುದ್ದೆಲ್ಲ ಅದರಲ್ಲೇ ಬಂತು.

ಹೆಸರಿನ ಕಥೆ ಮಾತ್ರ ನನ್ನ ಅನುವಾದದಲ್ಲಿ ಎಲ್ಲೂ ಕೂರಲಿಲ್ಲ. ಕಂಸದಲ್ಲಿ ತುರುಕಲು ಮನಸ್ಸಾಗಲಿಲ್ಲ. ತಮ್ಮನಿಗೆ ಹೇಳಿದೆ, ಅದನ್ನು ನೀನು ಬಾಯಲ್ಲಿ ಹೇಳಬೇಕು, ನಿನ್ನ ಮಗ, ನಿನ್ನ ಅಪ್ಪ.

ಹೇಳಿದ ಅಂತ ಕಾಣುತ್ತದೆ. ನಿನ್ನೆ ರಾತ್ರಿ ಅಲ್ಲಿಂದ ಹುಡುಗನ ದನಿ ಬಂತು. "ಅಜ್ಜಿ, ನಾನು ನಮ್ಮಪ್ಪ ಮಾತಾಡ್ತಿದೀನಿ. ನನ್ನ ಹೆಸರು ಒಂದೇ ಸಲ ಹೇಳು, ಪ್ಲೀಸ್." ಅವ್ವ ನಾಲ್ಕು ಸಲ ಹಾಕಿಸಿಕೊಂಡು ಕೇಳಿದಳು. ನಕ್ಕಳು. ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಫೋನು ಹತ್ತಿರ ಹಿಡಿಯೋ ಅಂತ ನನಗೆ ಸನ್ನೆ ಮಾಡಿ ಹೇಳಿದಳು:

"ನನಗ ಹೇಳಾಕ ಬರಂಗಿಲ್ಲೋ ಯಪ್ಪಾ. ನೀನ ಹೇಳು, ನಾ ಕೇಳ್ತೀನಿ."